ಹಾಳೆಯ ಕೆಳಗಿನ ಸಾಲು ಕಾಣದಿದ್ದರೆ: ಸಾರಾಂಶಕ್ಕೆ ಮೊದಲು ಕೊರತೆಯನ್ನು ಹೇಳಿರಿ



ಅಕ್ಟೋಬರ್ ಚಾಟಣಿ ಮುಗಿದು ದ್ರಾಕ್ಷಿ ಬಳ್ಳಿ ಚಿಗುರುವ ಹೊತ್ತಿಗೆ ತಿಕೋಟಾ ಭಾಗದ ತೋಟಗಳಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತು. ಡೌನಿ ಬಂತೇ, ಬೋರ್ಡೋ ಹೊಡೆದಿರಾ? ಎಲೆಯ ಮೇಲೆ ಎಣ್ಣೆ ಬಿದ್ದಂತಹ ಹಳದಿ ಮಚ್ಚೆ, ಅಡಿಯಲ್ಲಿ ಬಿಳಿ ಬೂಜು, ಇದು ಡೌನಿ ಅಥವಾ ಬೂಜು ತುಪ್ಪಟ ರೋಗ. ಮೈಲುತುತ್ತ ಮತ್ತು ಸುಣ್ಣ ಸೇರಿಸಿ ಮಾಡುವ ಬೋರ್ಡೋ ದ್ರಾವಣ ಇದಕ್ಕೆ ಹಳೆಯ ಮದ್ದು. ಫ್ರಾನ್ಸ್ ದೇಶದ ಬೋರ್ಡೋ ಊರಿನ ಪ್ರಾಧ್ಯಾಪಕ ಮಿಲ್ಲಾರ್ಡೆ ಅವರು 1885ರಲ್ಲಿ ಇದನ್ನು ಪ್ರಕಟಿಸಿದರು. ಅವರು ಪ್ರಯತ್ನಿಸಿದ್ದೂ ದ್ರಾಕ್ಷಿಯ ಮೇಲೆಯೇ, ಇದೇ ರೋಗಕ್ಕೆ.

ಆದರೆ ಈ ವಾರ ನಾನು ಬರೆಯುತ್ತಿರುವುದು ರೋಗದ ಬಗ್ಗೆ ಅಲ್ಲ. ಈ ದ್ರಾವಣದ ವಿಷಯವಾಗಿ ಒಂದು ಹಾಳೆಯನ್ನು ಓದಿ ಹೇಳುವಾಗ ನಾನೇ ಮಾಡಿದ ತಪ್ಪಿನ ಬಗ್ಗೆ. ಇತ್ತೀಚೆಗೆ ಕೃಷಿ ತಿಳಿವಳಿಕೆ ನಮಗೆ ಬರುವುದು ಬಹುಮಟ್ಟಿಗೆ ಮೊಬೈಲಿನ ಚಿತ್ರವಾಗಿ. ಯಾರೋ ಪುಸ್ತಿಕೆಯ ಹಾಳೆಯ ಫೋಟೋ ತೆಗೆಯುತ್ತಾರೆ, ಇನ್ನೊಬ್ಬರು ಕಳಿಸುತ್ತಾರೆ, ವಾಚನಾಲಯದಲ್ಲಿ ಓದು ಬಲ್ಲವರೊಬ್ಬರು ಅದರ ಸಾರಾಂಶ ಹೇಳುತ್ತಾರೆ. ಕೇಳುವ ಹತ್ತು ಜನರು ಆ ಹಾಳೆಯನ್ನು ನೋಡುವುದೇ ಇಲ್ಲ. ಅವರ ಪಾಲಿಗೆ ಸಾರಾಂಶವೇ ಹಾಳೆ.

ನಡೆದ ಸಂಗತಿ

ತಿಕೋಟಾ ತಾಲ್ಲೂಕಿನ ಒಂದು ಹಳ್ಳಿಯ ವಾಚನಾಲಯಕ್ಕೆ ತೊಗರಿಯ ವಿಷಯವಾಗಿ ಹೋಗಿದ್ದೆ. ಮಾತು ಮುಗಿದ ಮೇಲೆ ಒಬ್ಬ ತರುಣ ಮೊಬೈಲ್ ಮುಂದೆ ಹಿಡಿದ. ಬಬಲೇಶ್ವರದಲ್ಲಿರುವ ಅವನ ಮಾವ ಹಳೆಯ ಪುಸ್ತಿಕೆಯೊಂದರ ಹಾಳೆಯ ಚಿತ್ರ ಕಳಿಸಿದ್ದರು. "ಸಾಹೇಬ್ರ, ಅಕ್ಷರ ಭಾಳ ಸಣ್ಣ ಅದಾವ. ಸ್ವಲ್ಪ ಓದಿ, ಏನದ ಅಂತ ಎಲ್ಲಾರಿಗೂ ತಿಳಿಸಿ ಹೇಳ್ರಿ" ಎಂದ.

ನಾನು ಓದಿದೆ. ಹಲಗೆಯ ಮೇಲೆ ಬರೆದೆ: ಮೈಲುತುತ್ತ 1 ಕಿಲೋ, ಸುಣ್ಣ 1 ಕಿಲೋ, ನೀರು 100 ಲೀಟರ್. ಎರಡನ್ನೂ ಬೇರೆ ಬೇರೆ ಕರಗಿಸಿ, ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ನಿಧಾನವಾಗಿ ಹೊಯ್ಯುತ್ತ ಕಲಕಬೇಕು. ಕಬ್ಬಿಣದ ಪಾತ್ರೆ ಬೇಡ. ಅದೇ ದಿನ ಹೊಡೆಯಬೇಕು. ಹೇಳಿ ಮುಗಿಸಿ ವಿಜಯಪುರದ ಬಸ್ಸು ಹಿಡಿದೆ. ನಾಲ್ಕಾರು ಜನ ಚೀಟಿಯಲ್ಲಿ ಬರೆದುಕೊಂಡಿದ್ದರು.

ಐದು ದಿನದ ಮೇಲೆ ಅವರಲ್ಲೊಬ್ಬ ಹಿರಿಯರು ಫೋನು ಮಾಡಿದರು. "ನೀವು ಹೇಳಿದಂಗ ಒಂದಕ್ಕ ಒಂದು ಹಾಕೀನ್ರಿ. ಚಿಗುರೆಲ್ಲಾ ಸುಟ್ಟಂಗ ಆಗ್ಯಾವ. ಒಮ್ಮೆ ಬಂದು ನೋಡ್ರಲಾ."

ಹೋಗಿ ನೋಡಿದೆ. ನಾಲ್ಕೈದು ಎಲೆ ಬಿಟ್ಟಿದ್ದ ಎಳೆಯ ಚಿಗುರಿನ ಅಂಚುಗಳು ಕಂದಾಗಿ ಒಣಗಿದ್ದವು. ಹನಿ ನಿಂತ ಕಡೆಯಲ್ಲೆಲ್ಲ ಸುಟ್ಟ ಕಲೆ. ಎಲೆ ತಿರುವಿದರೆ ಅಡಿಯಲ್ಲಿ ಬಿಳಿ ಬೂಜು ಇರಲಿಲ್ಲ. ಇಡೀ ಪ್ಲಾಟಿನಲ್ಲಿ, ಹೊಡೆದ ಸಾಲುಗಳಲ್ಲೆಲ್ಲ ಒಂದೇ ಸಲಕ್ಕೆ ಕಾಣಿಸಿಕೊಂಡಿತ್ತು. ರೋಗವಾದರೆ ಅಲ್ಲಲ್ಲಿ ಶುರುವಾಗಿ ಹರಡುತ್ತದೆ. ಇದು ರೋಗವಲ್ಲ, ಮದ್ದಿನ ಸುಡು. ಹೊಡೆಯದೆ ಬಿಟ್ಟಿದ್ದ ಕೊನೆಯ ಎರಡು ಸಾಲುಗಳು ಹಸಿರಾಗಿಯೇ ಇದ್ದವು.

ಚಿತ್ರದಲ್ಲಿ ಇದ್ದದ್ದು, ಇಲ್ಲದ್ದು

ಆ ಸಂಜೆ ಚಿತ್ರವನ್ನು ಮತ್ತೆ ತರಿಸಿ ನಿಧಾನವಾಗಿ ನೋಡಿದೆ. ಅಂದು ನನ್ನ ಕಣ್ಣಿಗೆ ಬಿದ್ದೂ ಬೀಳದಿದ್ದ ಮೂರು ಸಂಗತಿಗಳು ಅದರಲ್ಲಿದ್ದವು.

ಮೊದಲನೆಯದು: ಹಾಳೆಯಲ್ಲಿ "ಗಮನಿಸಬೇಕಾದ 4 ಅಂಶಗಳು" ಎಂಬ ತಲೆಬರಹವಿತ್ತು. ಅದರ ಕೆಳಗೆ 1 ಮತ್ತು 2 ಪೂರ್ತಿ ಇದ್ದವು. 3ನೆಯದು "ತಯಾರಾದ ದ್ರಾವಣದಲ್ಲಿ ಹೊಳಪಿರುವ ಕಬ್ಬಿಣದ ಚಾಕುವನ್ನು" ಎಂಬಲ್ಲಿಗೆ ಬಂದು ಚಿತ್ರವೇ ಮುಗಿದಿತ್ತು. ಎರಡನೆಯದು: 4ನೆಯ ಅಂಶ ಚಿತ್ರದಲ್ಲಿ ಇರಲೇ ಇಲ್ಲ. ಮೂರನೆಯದು: ಮೇಲಿನ ಸಾಮಗ್ರಿಗಳ ಪಟ್ಟಿಯಲ್ಲಿ "ಸುಣ್ಣ 1 ಕಿಲೋ" ಎಂಬುದರ ಪಕ್ಕದಲ್ಲಿ ಸಣ್ಣದೊಂದು ನಕ್ಷತ್ರ ಗುರುತು ಇತ್ತು. ಅಂತಹ ಗುರುತಿನ ಟಿಪ್ಪಣಿ ಹಾಳೆಯ ತಳದಲ್ಲಿರುತ್ತದೆ. ತಳವೇ ಚಿತ್ರದಲ್ಲಿರಲಿಲ್ಲ.

ಮರುವಾರ ಬಬಲೇಶ್ವರಕ್ಕೆ ಹೋಗಿ ಮೂಲ ಪುಸ್ತಿಕೆ ನೋಡಿದೆ. ಚಿತ್ರದಲ್ಲಿ ಬಿಟ್ಟುಹೋದದ್ದು ಆರೇ ಸಾಲು. 3ನೆಯ ಅಂಶದ ಉಳಿದ ಭಾಗದಲ್ಲಿ ಚಾಕುವಿನ ಪರೀಕ್ಷೆ ಇತ್ತು. 4ನೆಯದರಲ್ಲಿ, ಎಳೆಯ ಚಿಗುರಿಗೆ ಇದರ ಅರ್ಧ ಬಲದ ದ್ರಾವಣ ಸಾಕು, ಮೋಡ ಕವಿದು ಎಲೆ ಒದ್ದೆಯಾಗಿರುವಾಗ ಹೊಡೆಯಬಾರದು ಎಂದಿತ್ತು. ನಕ್ಷತ್ರದ ಟಿಪ್ಪಣಿಯಲ್ಲಿ, ಸುಣ್ಣವೆಂದರೆ ಹೊಸದಾಗಿ ಸುಟ್ಟ ಹರಳು ಸುಣ್ಣ, ಪುಡಿ ಸುಣ್ಣವಾದರೆ ಹೆಚ್ಚು ಬೇಕು ಎಂದಿತ್ತು. ಆ ಹಿರಿಯರು ಹಾಕಿದ್ದು ಮನೆಗೆ ಬಳಿಯಲು ತಂದು ಉಳಿದಿದ್ದ, ಬಾಯಿ ತೆರೆದ ಚೀಲದ ಪುಡಿ ಸುಣ್ಣ. ಹೊಡೆದದ್ದು ಎಳೆಯ ಚಿಗುರಿಗೆ, ಪೂರ್ತಿ ಬಲದ ದ್ರಾವಣ. ಪರೀಕ್ಷೆ ಮಾಡಿರಲಿಲ್ಲ. ಕಾಣದ ಆರು ಸಾಲುಗಳು ಮೂರು ಕಡೆಯಿಂದಲೂ ಅವರನ್ನು ತಡೆಯುತ್ತಿದ್ದವು.

ಚಾಕುವಿನ ಪರೀಕ್ಷೆ ಏನು ಹೇಳುತ್ತದೆ

ಬರೀ ಮೈಲುತುತ್ತದ ನೀರು ಹುಳಿ ಗುಣದ್ದು. ಅದು ಎಲೆಯನ್ನು ಸುಡುತ್ತದೆ. ಸುಣ್ಣ ಅದರ ಹುಳಿಯನ್ನು ಮುರಿದು, ತಾಮ್ರವನ್ನು ಎಲೆಗೆ ಅಂಟಿಕೊಂಡು ಕೂರುವ ನೀಲಿ ಕಣಗಳನ್ನಾಗಿ ಮಾಡುತ್ತದೆ. ಸುಣ್ಣ ಸಾಲದಿದ್ದರೆ ಸ್ವಲ್ಪ ತಾಮ್ರ ನೀರಿನಲ್ಲಿ ಕರಗಿದಂತೆಯೇ ಉಳಿಯುತ್ತದೆ. ಕಣ್ಣಿಗೆ ಇದು ಗೊತ್ತಾಗುವುದಿಲ್ಲ. ದ್ರಾವಣ ಆಗಲೂ ಆಕಾಶದ ಬಣ್ಣವೇ.

ಅದಕ್ಕೇ ಚಾಕು. ಉಜ್ಜಿ ಹೊಳಪು ಮಾಡಿದ ಕಬ್ಬಿಣದ ಚಾಕು ಅಥವಾ ಮೊಳೆಯನ್ನು ದ್ರಾವಣದಲ್ಲಿ ಒಂದೆರಡು ನಿಮಿಷ ಅದ್ದಿ ತೆಗೆಯಿರಿ. ಅದರ ಮೇಲೆ ಕೆಂಪು ಕಂದು ಲೇಪ ಕಂಡರೆ ಕರಗಿದ ತಾಮ್ರ ಇನ್ನೂ ಉಳಿದಿದೆ ಎಂದರ್ಥ. ಸುಣ್ಣದ ನೀರನ್ನು ಇನ್ನಷ್ಟು ಸೇರಿಸಿ, ಕಲಕಿ, ಚಾಕುವನ್ನು ಮತ್ತೆ ಉಜ್ಜಿ ಅದ್ದಿರಿ. ಲೇಪ ಬಾರದಿರುವವರೆಗೆ ಹೀಗೆ ಮಾಡಬೇಕು. ಸ್ಟೇನ್‌ಲೆಸ್ ಸ್ಟೀಲಿನ ಅಡುಗೆ ಚಾಕು ಈ ಪರೀಕ್ಷೆಗೆ ಬಾರದು.

ಸುಣ್ಣದ ಜಾತಿ ಏಕೆ ಮುಖ್ಯವೆಂಬುದೂ ಇದರಿಂದಲೇ ತಿಳಿಯುತ್ತದೆ. ಹರಳು ಸುಣ್ಣ ನೀರು ಹೀರಿ ಪುಡಿಯಾದಾಗ ಅದರ ತೂಕ ಏರುತ್ತದೆ. 1 ಕಿಲೋ ಶುದ್ಧ ಹರಳಿನ ಕೆಲಸಕ್ಕೆ ಸುಮಾರು 1 ಕಿಲೋ 300 ಗ್ರಾಂ ಪುಡಿ ಬೇಕಾಗುತ್ತದೆ. ಬಾಯಿ ತೆರೆದ ಚೀಲದಲ್ಲಿ ತಿಂಗಳುಗಟ್ಟಲೆ ಇದ್ದರೆ ಗಾಳಿ ತಾಗಿ ಅದು ಸೀಮೆಸುಣ್ಣದಂತಾಗುತ್ತದೆ, ಹುಳಿ ಮುರಿಯುವ ಶಕ್ತಿ ಬಹಳಷ್ಟು ಹೋಗುತ್ತದೆ. ತೂಕ 1 ಕಿಲೋ ಇದ್ದರೂ ಕೆಲಸಕ್ಕೆ ಬರುವ ಸುಣ್ಣ ಅದರಲ್ಲಿ ಎಷ್ಟಿದೆ ಎಂದು ತಕ್ಕಡಿ ಹೇಳುವುದಿಲ್ಲ, ಚಾಕು ಹೇಳುತ್ತದೆ.

ಕೆಳಭಾಗ ಕತ್ತರಿಸಿಹೋಗಿದೆ ಎಂದು ಗುರುತಿಸುವುದು

ಚಿತ್ರ ಕೈಗೆ ಬಂದ ಕೂಡಲೇ ಮೇಲಿನಿಂದ ಓದಲು ಶುರು ಮಾಡಬೇಡಿರಿ. ಮೊದಲು ತಳ ನೋಡಿರಿ. ವಾಟ್ಸಾಪಿನಲ್ಲಿ ಉದ್ದನೆಯ ಚಿತ್ರ ಮೊದಲು ತುಂಡಾಗಿ ಕಾಣುತ್ತದೆ. ಒತ್ತಿ ಪೂರ್ತಿ ತೆರೆದ ಮೇಲೂ ಕೆಳಭಾಗ ಇಲ್ಲವೆಂದರೆ ಮಾತ್ರ ಅದು ನಿಜವಾಗಿ ಇಲ್ಲ.

ತಳದಲ್ಲಿ ಅಚ್ಚಿಲ್ಲದ ಬಿಳಿ ಅಂಚು ಮತ್ತು ಕಾಗದದ ಕೊನೆ ಕಾಣಬೇಕು. ಅನೇಕ ಪುಸ್ತಿಕೆಗಳಲ್ಲಿ ಪುಟದ ಸಂಖ್ಯೆಯೂ ಅಲ್ಲೇ ಇರುತ್ತದೆ. ಇವು ಕಾಣದಿದ್ದರೆ ಅನುಮಾನ ಪಡಿರಿ. ಕೊನೆಯ ವಾಕ್ಯಕ್ಕೆ ಪೂರ್ಣವಿರಾಮ ಇದೆಯೇ, ಕ್ರಿಯಾಪದ ಬಂದಿದೆಯೇ ನೋಡಿರಿ. ನಮ್ಮ ಭಾಷೆಯಲ್ಲಿ ಮಾಡಬೇಕೋ ಮಾಡಬಾರದೋ ಎಂಬುದು ವಾಕ್ಯದ ತುದಿಯಲ್ಲಿ ಬರುತ್ತದೆ. "ಸಿಂಪರಣೆಯಾದ ದಿನ ನೀರು" ಎಂದು ನಿಂತ ಸಾಲು ಹಾಯಿಸಿರಿ ಎಂದೂ ಮುಗಿಯಬಹುದು, ಹಾಯಿಸಬೇಡಿರಿ ಎಂದೂ ಮುಗಿಯಬಹುದು. ತುದಿ ಹೋದರೆ ಅರ್ಥವೇ ಹೋಯಿತು.

ಸಾಲು ಅರ್ಧಕ್ಕೆ ಸೀಳಿಹೋಗಿದ್ದರೆ ಇನ್ನೊಂದು ಅಪಾಯ. ಕನ್ನಡದ ಒತ್ತಕ್ಷರ ಸಾಲಿನ ಕೆಳಗೆ ಇರುತ್ತದೆ. ಚಿತ್ರದ ಅಂಚು ಒತ್ತನ್ನು ಮಾತ್ರ ತಿಂದುಹಾಕಿದರೆ ಮೇಲಿನ ಅಕ್ಷರ ಸ್ಪಷ್ಟವಾಗಿಯೇ ಕಾಣುತ್ತದೆ. "ಕಬಿಣ" ಎಂದು ಕಂಡರೆ ಕಬ್ಬಿಣವೆಂದು ಯಾರಿಗೂ ತಿಳಿದೀತು. ಆದರೆ "ಬಳ್ಳಿಗೆ" ಎಂಬುದು "ಬಳಿಗೆ" ಆಗುತ್ತದೆ, "ಎಲ್ಲೆ" ಎಂಬುದು "ಎಲೆ" ಆಗುತ್ತದೆ. ಎರಡೂ ಸರಿಯಾದ ಶಬ್ದಗಳೇ ಆದ್ದರಿಂದ ಓದುವವನಿಗೆ ಸಂಶಯವೇ ಬರುವುದಿಲ್ಲ. ಅಂಕಿಗಳ ನಡುವಿನ ದಶಾಂಶದ ಚುಕ್ಕೆಯೂ ಸಾಲಿನ ತಳದಲ್ಲೇ ಇರುತ್ತದೆ. ಆದ್ದರಿಂದ ಸೀಳಿಹೋದ ಸಾಲನ್ನು ಓದಿದ ಸಾಲೆಂದು ಎಣಿಸಬಾರದು, ಕಾಣದ ಸಾಲೆಂದೇ ಎಣಿಸಬೇಕು.

ಇನ್ನು ಹಾಳೆಯೇ ಕೊಟ್ಟ ಲೆಕ್ಕ. "4 ಅಂಶಗಳು" ಎಂದಿದ್ದರೆ ನಾಲ್ಕನ್ನು ಎಣಿಸಿರಿ. ನಕ್ಷತ್ರ ಗುರುತಿದ್ದರೆ ಅದರ ಜೋಡಿಯನ್ನು ಹುಡುಕಿರಿ. "ಕೆಳಗಿನ ಕೋಷ್ಟಕ ನೋಡಿ" ಎಂದಿದ್ದರೆ ಕೋಷ್ಟಕ ಎಲ್ಲಿದೆ ನೋಡಿರಿ.

ಕೆಲವೊಮ್ಮೆ ಚಿತ್ರ ಸರಿಯಾಗಿ ಪೂರ್ಣವಿರಾಮದ ಬಳಿಯೇ ಮುಗಿದಿರುತ್ತದೆ. ಲೆಕ್ಕ ಕೊಡುವ ಗುರುತೂ ಇರುವುದಿಲ್ಲ, ಕಾಗದದ ತುದಿಯೂ ಕಾಣುವುದಿಲ್ಲ. ಆಗ ಕತ್ತರಿಸಿದೆ ಎಂದೂ ಹೇಳಲಾಗದು, ಇಲ್ಲವೆಂದೂ ಹೇಳಲಾಗದು. ಅದನ್ನೇ ಹಾಗೆಯೇ ಹೇಳಬೇಕು: "ಹಾಳೆಯ ಕೆಳ ಅಂಚು ಚಿತ್ರದಲ್ಲಿಲ್ಲ. ಮುಂದೆ ಸಾಲುಗಳಿವೆಯೋ ಇಲ್ಲವೋ ತಿಳಿಯದು."

ಕೊರತೆಯನ್ನು ಹೇಳುವ ರೀತಿ

"ಫೋಟೋ ಸ್ವಲ್ಪ ಸರಿ ಬಂದಿಲ್ಲ" ಎಂದರೆ ಸಾಲದು. ಕೇಳಿದವರು ಅದನ್ನು ಚಿತ್ರ ಮಬ್ಬಾಗಿದೆ ಎಂದು ತಿಳಿದು ಸುಮ್ಮನಾಗುತ್ತಾರೆ. "ಕೊನೆಗೆ ಏನೋ ಎಚ್ಚರಿಕೆ ಇದ್ದಂಗದ" ಎಂದು ಸಾರಾಂಶದ ಬಾಲಕ್ಕೆ ಸೇರಿಸಿದರೂ ಪ್ರಯೋಜನವಿಲ್ಲ. ಅಳತೆ ಕಿವಿಗೆ ಬಿದ್ದ ಕೂಡಲೇ ಅರ್ಧ ಜನ ಎದ್ದು ಹೋಗಿರುತ್ತಾರೆ, ಅಂದು ನಮ್ಮಲ್ಲಿಯೂ ಹಾಗೆಯೇ ಆಯಿತು. ಕೊರತೆ ಮೊದಲು ಬರಬೇಕು, ಅಳತೆ ಆಮೇಲೆ.

ಎಲ್ಲಿಯವರೆಗೆ ಓದಲು ಸಿಕ್ಕಿತು, ಯಾವ ಶಬ್ದದ ಬಳಿ ನಿಂತಿತು, ಬಿಟ್ಟುಹೋದದ್ದರಲ್ಲಿ ಯಾವುದರ ವಿಷಯ ತಿಳಿದಿದೆ, ಯಾವುದರ ವಿಷಯವೂ ತಿಳಿದಿಲ್ಲ, ಇದರಿಂದ ಯಾವ ಕೆಲಸ ನಿಲ್ಲಿಸಬೇಕು, ಇಷ್ಟನ್ನು ಹೇಳಬೇಕು. ಅಂದು ನಾನು ಹಲಗೆಯ ಮೇಲೆ ಬರೆಯಬೇಕಾಗಿದ್ದುದು ಹೀಗೆ:

"ಈ ಚಿತ್ರದಲ್ಲಿ ಹಾಳೆಯ ಕೆಳಭಾಗ ಬಂದಿಲ್ಲ. ಗಮನಿಸಬೇಕಾದ 4 ಅಂಶಗಳಲ್ಲಿ 1 ಮತ್ತು 2 ಪೂರ್ತಿ ಇವೆ. 3ನೆಯದು 'ಕಬ್ಬಿಣದ ಚಾಕುವನ್ನು' ಎಂಬಲ್ಲಿ ನಿಂತಿದೆ. ಚಾಕುವಿನಿಂದ ಏನು ಮಾಡಬೇಕೆಂಬುದು ಇಲ್ಲ. 4ನೆಯ ಅಂಶ ಪೂರ್ತಿ ಇಲ್ಲ, ಅದು ಯಾವುದರ ಬಗ್ಗೆ ಎಂದೂ ತಿಳಿಯದು. ಸುಣ್ಣದ ಮುಂದೆ ನಕ್ಷತ್ರ ಗುರುತು ಇದೆ, ಅದರ ಟಿಪ್ಪಣಿ ಇಲ್ಲ. ಸುಣ್ಣದ ವಿಷಯದಲ್ಲಿ ಏನೋ ಷರತ್ತು ಇದೆ. ಮೈಲುತುತ್ತ ತಂದಿಡಬಹುದು. ಪೂರ್ತಿ ಹಾಳೆ ಬರುವವರೆಗೆ ಕಲಸಬೇಡಿ, ಹೊಡೆಯಬೇಡಿ. ಕಂಡಷ್ಟರ ಸಾರಾಂಶ ಕೆಳಗಿದೆ."

ಇದರ ಕೆಳಗೆ 1 ಕಿಲೋ, 1 ಕಿಲೋ, 100 ಲೀಟರ್ ಎಂದು ಬರೆದಿದ್ದರೆ ಯಾರ ಚಿಗುರೂ ಸುಡುತ್ತಿರಲಿಲ್ಲ. ಬಬಲೇಶ್ವರದಿಂದ ಇನ್ನೊಂದು ಚಿತ್ರ ತರಿಸಲು ಒಂದು ದಿನ ಹೋಗುತ್ತಿತ್ತು, ಅಷ್ಟೇ.

ಉಳಿದದ್ದು ನನಗೆ ಗೊತ್ತು ಎನ್ನುವವರಿಗೆ

ಚಾಕುವಿನ ಪರೀಕ್ಷೆ ನನಗೆ ಗೊತ್ತಿರಲಿಲ್ಲವೇ ಎಂದು ನೀವು ಕೇಳಬಹುದು. ಗೊತ್ತಿತ್ತು, ಕಾಲೇಜಿನಲ್ಲಿ ಓದಿದ್ದೆ. ಆದರೆ ಅಂದು ಹಾಳೆಯನ್ನು ಓದಿ ಹೇಳುವ ಕೆಲಸದಲ್ಲಿದ್ದೆ. ಹಾಳೆ ನಿಂತ ಕಡೆ ನನ್ನ ಬಾಯಿಯೂ ನಿಂತಿತು. ಒಂದು ವೇಳೆ ನೆನಪಾಗಿ ಸೇರಿಸಿ ಹೇಳಿದ್ದರೂ ಕೆಲಸ ಅರ್ಧವೇ ಆಗುತ್ತಿತ್ತು. ನನ್ನ ನಿತ್ಯದ ಓಡಾಟ ತೊಗರಿ, ಜೋಳ, ಕಡಲೆಯಲ್ಲಿ. ಎಳೆಯ ಚಿಗುರಿಗೆ ಅರ್ಧ ಬಲ ಎಂಬ ಮಾತು ನನಗೆ ಹೊಳೆಯುತ್ತಿರಲಿಲ್ಲ. ನಾನು ಚಾಕುವಿನ ವಿಷಯ ತುಂಬಿಸಿ ಹಾಳೆ ಪೂರ್ತಿಯಾಯಿತು ಎಂದುಕೊಂಡಿದ್ದರೆ 4ನೆಯ ಅಂಶ ಇನ್ನೂ ಆಳಕ್ಕೆ ಹೂತುಹೋಗುತ್ತಿತ್ತು.

ಆದುದರಿಂದ ನಿಮಗೆ ತಿಳಿದದ್ದನ್ನು ಹೇಳಿರಿ, ಆದರೆ ಬೇರೆಯಾಗಿ ಹೇಳಿರಿ. "ಇದು ಹಾಳೆಯಲ್ಲಿ ಕಂಡದ್ದು, ಇದು ಹಾಳೆಯಲ್ಲಿ ಕಾಣದ್ದು, ಇದು ನಾನು ತಿಳಿದು ಹೇಳುತ್ತಿರುವುದು." ಹಲಗೆಯ ಮೇಲೆ ನಡುವೆ ಒಂದು ಗೆರೆ ಎಳೆದರೆ ಸಾಕು. ಆಮೇಲೆ ಪೂರ್ತಿ ಹಾಳೆ ಬಂದಾಗ ಯಾವುದನ್ನು ತಿದ್ದಬೇಕೆಂದು ಎಲ್ಲರಿಗೂ ತಿಳಿಯುತ್ತದೆ.

ಚಿತ್ರ ತೆಗೆಯುವವರಿಗೆ

ಪುಸ್ತಿಕೆಯನ್ನು ಕೈಯಲ್ಲಿ ಹಿಡಿದು ಚಿತ್ರ ತೆಗೆದರೆ ಹೆಬ್ಬೆರಳು ಇರುವ ಕಡೆ ಸಾಲು ಹೋಗುತ್ತದೆ. ನೆಲದ ಮೇಲೆ ಬಣ್ಣದ ಟವೆಲ್ ಹಾಸಿ ಅದರ ಮೇಲೆ ಹಾಳೆ ಇಡಿರಿ. ನಾಲ್ಕೂ ಕಡೆ ಟವೆಲ್ಲಿನ ಬಣ್ಣ ಕಂಡರೆ ಹಾಳೆ ಪೂರ್ತಿ ಬಂದಿದೆ ಎಂದು ನೋಡುವವರಿಗೂ ಖಾತ್ರಿ. ಅಕ್ಷರ ಸಣ್ಣದಿದ್ದರೆ ಎರಡು ಚಿತ್ರ ತೆಗೆಯಿರಿ, ಮೊದಲನೆಯದರ ಕೊನೆಯ ಎರಡು ಸಾಲು ಎರಡನೆಯದರ ಮೇಲ್ಭಾಗದಲ್ಲಿ ಮತ್ತೆ ಬರುವಂತೆ. ಹಾಳೆಯ ಬೆನ್ನಿಗೂ ವಿಷಯ ಮುಂದುವರಿದಿದೆಯೇ ಎಂದು ತಿರುವಿ ನೋಡಿ ಕಳಿಸಿರಿ.

ಆ ಹಿರಿಯರ ತೋಟದಲ್ಲಿ ಸುಟ್ಟ ಎಲೆ ಮತ್ತೆ ಹಸಿರಾಗಲಿಲ್ಲ, ಆಗುವುದೂ ಇಲ್ಲ. ಮುಂದಿನ ಗೆಣ್ಣುಗಳಿಂದ ಹೊಸ ಎಲೆ ಬಂತು, ಆದರೆ ಕೆಲವು ಚಿಗುರುಗಳಲ್ಲಿ ಹೂಗೊನೆಯ ತುದಿಯೂ ಒಣಗಿತ್ತು. ಅದು ಆ ವರ್ಷಕ್ಕೆ ಹೋದ ಲೆಕ್ಕವೇ. ಅವರು ನನ್ನನ್ನು ಬಯ್ಯಲಿಲ್ಲ. "ಹಾಳಿ ಅರ್ಧ ಅದ ಅಂತ ಒಂದ್ ಮಾತು ಹೇಳಿದ್ರ, ನಾ ನಿಲ್ಲತಿದ್ದೆ ನೋಡ್ರಿ" ಎಂದಷ್ಟೇ ಅಂದರು.

ಈಗ ಆ ವಾಚನಾಲಯದ ಹಲಗೆಯ ಮೇಲ್ತುದಿಯಲ್ಲಿ "ಕಾಣದ್ದು" ಎಂದು ಬಣ್ಣದಲ್ಲಿ ಬರೆಸಿ ಎರಡು ಗೇಣು ಜಾಗ ಬಿಟ್ಟಿದ್ದಾರೆ. ಚಿತ್ರ ನೋಡಿ ಸಾರಾಂಶ ಬರೆಯುವವರು ಮೊದಲು ಆ ಜಾಗ ತುಂಬಬೇಕು. ಏನೂ ಬಿಟ್ಟಿಲ್ಲವಾದರೆ "ಹಾಳೆ ಪೂರ್ತಿ ಇದೆ, ನಾಲ್ಕೂ ಅಂಚು ನೋಡಿದ್ದೇನೆ" ಎಂದು ಬರೆದು ಕೆಳಗೆ ಹೆಸರು ಹಾಕಬೇಕು.

ದ್ರಾಕ್ಷಿ ಸಿಂಪರಣೆಯ ಬಗ್ಗೆ ಸಂಶಯವಿದ್ದರೆ ನಿಮ್ಮ ತಾಲ್ಲೂಕಿನ ತೋಟಗಾರಿಕೆ ಇಲಾಖೆಯ ಕಚೇರಿಯನ್ನು ಅಥವಾ ವಿಜಯಪುರ ಹತ್ತಿರದ ಹಿಟ್ನಳ್ಳಿಯ ಕೃಷಿ ವಿಜ್ಞಾನ ಕೇಂದ್ರವನ್ನು ವಿಚಾರಿಸಿರಿ. ಹೋಗುವಾಗ ಚಿತ್ರವನ್ನಲ್ಲ, ಸಿಕ್ಕರೆ ಹಾಳೆಯನ್ನೇ ಒಯ್ಯಿರಿ.